ಗೆಳೆಯನ ಮದುವೆಯಲ್ಲಿ ಆಡುವ ಮಾತು: ಯಾವ ತಮಾಷೆ ಇರಲಿ, ಯಾವುದು ಬೇಡ, ಎಷ್ಟು ನಿಮಿಷ ಸಾಕು?

ಓದುಗರ ಪ್ರಶ್ನೆ: ಮುಂದಿನ ತಿಂಗಳು ಮೈಸೂರಿನಲ್ಲಿ ನಮ್ಮ ಗೆಳೆಯನ ಮದುವೆ. ಹಿಂದಿನ ದಿನ ರಾತ್ರಿ ಹೋಟೆಲಿನ ಪಾರ್ಟಿ ಹಾಲ್‌ನಲ್ಲಿ ಎರಡೂ ಮನೆಯವರಿಗೆ ಊಟ ಇದೆ, ಸುಮಾರು 80 ಜನ. ಊಟಕ್ಕೆ ಮುಂಚೆ ನಮ್ಮ ಇನ್ನೊಬ್ಬ ಗೆಳೆಯ ಮೈಕ್ ಹಿಡಿದು ಟೋಸ್ಟ್ ಹೇಳಬೇಕು. ಬರೆದದ್ದನ್ನು ತಿದ್ದಿಕೊಡು ಅಂತ ನನಗೆ ಕಳಿಸಿದ್ದಾನೆ. ಓದಿದರೆ ನಮ್ಮ ಗ್ಯಾಂಗಿಗೆ ನಗು ಬರುತ್ತದೆ. ಆದರೆ ಹುಡುಗಿ ಮನೆಯವರು ಧಾರವಾಡದವರು, ಏನಂದುಕೊಳ್ಳುತ್ತಾರೋ ಅಂತ ಭಯ. ಉದ್ದವೂ ಜಾಸ್ತಿ ಅನ್ನಿಸುತ್ತಿದೆ. ಎಲ್ಲಿಂದ ಕತ್ತರಿ ಹಾಕಲಿ?

ಉತ್ತರ: ನೀವು ಪ್ರಶ್ನೆಯ ಜೊತೆ ಕಳಿಸಿದ ಪ್ರತಿಯನ್ನು ಎದ್ದು ನಿಂತು, ಫೋನಿನಲ್ಲಿ ಟೈಮರ್ ಇಟ್ಟು, ಗಟ್ಟಿಯಾಗಿ ಓದಿದೆ. ಎಂಟೂವರೆ ನಿಮಿಷ ಹಿಡಿಯಿತು. ಒಟ್ಟು 750 ಪದ ಇದೆ. ಅಂದರೆ ನಿಮಿಷಕ್ಕೆ 90 ಪದದ ಹತ್ತಿರ. ಇಂಗ್ಲಿಷ್ ಲೆಕ್ಕ ಹಿಡಿದು ನಿಮಿಷಕ್ಕೆ 130 ಪದ ಅಂತ ಎಣಿಸಿದರೆ ನಮಗೆ ಮೋಸ ಆಗುತ್ತದೆ. ಕನ್ನಡದ ಒಂದು ಪದ ಎರಡು ಮೂರು ಪದಗಳ ಕೆಲಸ ಮಾಡುತ್ತದೆ, ಉದ್ದವೂ ಇರುತ್ತದೆ. ಇದರ ಮೇಲೆ ಜನ ನಗುವ ಹೊತ್ತು, ಮೈಕ್ ಸರಿಮಾಡಿಕೊಳ್ಳುವ ಹೊತ್ತು, ಗಂಟಲು ಕಟ್ಟಿದಾಗ ನಿಲ್ಲುವ ಹೊತ್ತು ಸೇರಬೇಕು. ನಿಮ್ಮ ಗೆಳೆಯ ಈ ಮಾತು ಮುಗಿಸುವಾಗ ಹತ್ತು ನಿಮಿಷ ದಾಟಿರುತ್ತದೆ.

ಈಗ ಆ ಹಾಲ್ ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಎಂಟೂವರೆ. ಧಾರವಾಡದವರು ಬೆಳಗ್ಗೆ ಹೊರಟು ಬಂದಿದ್ದಾರೆ. ಶುಗರ್ ಮಾತ್ರೆ ತಗೊಂಡು ಊಟಕ್ಕೆ ಕಾಯುವ ಹಿರಿಯರಿದ್ದಾರೆ. ಮಕ್ಕಳಿಗೆ ನಿದ್ದೆ ಬರುತ್ತಿದೆ. ಇಂಥ ಕಡೆ ಮೂರು ನಿಮಿಷ ಸರಿಯಾದ ಅಳತೆ. ಕಾಗದದ ಮೇಲೆ 230 ಪದ ಇದ್ದರೆ ಸಾಕು, ನಗು ಸೇರಿ ಮೂರು ನಿಮಿಷ ಆಗುತ್ತದೆ. ಇದೇ ಮಾತು ಕಲ್ಯಾಣ ಮಂಟಪದ ರಿಸೆಪ್ಷನ್‌ನಲ್ಲಿ ಆಗಿದ್ದರೆ ಒಂದು ನಿಮಿಷವೂ ಬೇಡ ಅನ್ನುತ್ತಿದ್ದೆ. ಅಲ್ಲಿ ವೇದಿಕೆಗೆ ಕ್ಯೂ ಇರುತ್ತದೆ, ಆರ್ಕೆಸ್ಟ್ರಾ ನಡೆಯುತ್ತಿರುತ್ತದೆ, ಅರ್ಧ ಜನ ಕೆಳಗೆ ಊಟದ ಪಂಕ್ತಿಯಲ್ಲಿ ಇರುತ್ತಾರೆ. ನಿಮ್ಮ ಗೆಳೆಯರು ಊಟದ ಹಾಲ್ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಅಲ್ಲಿ ಎಲ್ಲರೂ ಕೂತಿರುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಹಾಗಾಗಿಯೇ ಪ್ರತಿ ತಮಾಷೆಯನ್ನೂ ಯೋಚಿಸಿ ಇಡಬೇಕು.

750 ಪದವನ್ನು 230ಕ್ಕೆ ಇಳಿಸಲು ಅಲ್ಲೊಂದು ಇಲ್ಲೊಂದು ಸಾಲು ಕತ್ತರಿಸಿದರೆ ಆಗುವುದಿಲ್ಲ. ಹಾಗೆ ಮಾಡಿದರೆ ಆರು ಪ್ರಸಂಗಗಳ ಆರು ತುಂಡು ಉಳಿಯುತ್ತವೆ. ಒಂದು ಪ್ರಸಂಗ ಇಟ್ಟುಕೊಂಡು ಉಳಿದದ್ದನ್ನು ಪೂರ್ತಿ ಬಿಡಬೇಕು. ಯಾವುದು ಉಳಿಯಲಿ ಅಂತ ತಿಳಿಯಲು ಪ್ರತಿ ತಮಾಷೆಗೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ನಗು ಯಾರ ಮೈಮೇಲೆ ಬೀಳುತ್ತದೆ?

ಕರಡಿನಲ್ಲಿ ಎಲ್ಲಕ್ಕಿಂತ ಜೋರಾಗಿ ನಗಿಸುವ ಸಾಲು ಇದು: "ನಮ್ಮ ಹುಡುಗ ಹನ್ನೊಂದು ಕಡೆ ಉಪ್ಪಿಟ್ಟು ಕೇಸರಿಬಾತ್ ತಿಂದು ಬಂದ. ಹನ್ನೆರಡನೇ ಕಡೆ ಸೆಟ್ ಆಯ್ತು." ಬರೆದವನಿಗೆ ಇದು ಹುಡುಗನ ಮೇಲಿನ ತಮಾಷೆ ಅನ್ನಿಸಿದೆ. ಹುಡುಗಿಯ ತಾಯಿಯ ಕಿವಿಯಿಂದ ಕೇಳಿ. ಅವರ ಮಗಳು ಹನ್ನೆರಡನೆಯವಳು ಆದಳು. ಅವರ ಮನೆಯಲ್ಲೂ ಹಿಂದೆ ಯಾರಾದರೂ ಬಂದು ತಿಂಡಿ ತಿಂದು, "ಆಮೇಲೆ ತಿಳಿಸ್ತೀವಿ" ಅಂತ ಹೋಗಿರಬಹುದು. ಅದೇ ಹಾಲ್‌ನಲ್ಲಿ ಇನ್ನೂ ಗಂಡು ನೋಡುತ್ತಿರುವ ಅಕ್ಕತಂಗಿಯರು ಕೂತಿರುತ್ತಾರೆ. ಈ ಸಾಲನ್ನು ರಿಪೇರಿ ಮಾಡಲು ಆಗುವುದಿಲ್ಲ. ತೆಗೆಯಿರಿ. "ಇವತ್ತಿಗೆ ಇವನ ಸ್ವಾತಂತ್ರ್ಯ ಮುಗೀತು" ಅನ್ನುವುದೂ ಹೋಗಲಿ, ಅದು ಹುಡುಗಿಯನ್ನು ಜೈಲರ್ ಮಾಡುತ್ತದೆ. ಕೂದಲು ಉದುರುತ್ತಿರುವ ಮಾತೂ ಬೇಡ. ತಡವಾಗಿ ಬರುವುದು ಮನುಷ್ಯನ ಅಭ್ಯಾಸ, ಅದರ ಮೇಲೆ ನಗಬಹುದು. ಕೂದಲು, ಬಣ್ಣ, ತೂಕ, ಸಂಬಳ ಅವನು ಆರಿಸಿಕೊಂಡದ್ದಲ್ಲ.

ಇಂಜಿನಿಯರಿಂಗ್‌ನಲ್ಲಿ ಎರಡು ಬ್ಯಾಕ್ ಇದ್ದ ಕಥೆ ಸ್ವಲ್ಪ ಬೇರೆ. ಹುಡುಗ ಆಮೇಲೆ ಪಾಸಾಗಿದ್ದಾನೆ, ಕೆಲಸದಲ್ಲಿದ್ದಾನೆ, ಅವನಿಗೇ ಈಗ ಅದು ನಗುವ ವಿಷಯ. ಆದರೆ ಮಾವನ ಮನೆಯಲ್ಲಿ ಅದನ್ನು ಹೇಳಿದ್ದಾನೋ ಇಲ್ಲವೋ ನಿಮಗೆ ಗೊತ್ತಿಲ್ಲ. ಮೈಕ್‌ನಲ್ಲಿ ಮೊದಲ ಸಲ ತಿಳಿಯುವ ವಿಷಯ ಯಾವುದೂ ಇರಬಾರದು. ಹುಡುಗನನ್ನೇ ಕೇಳಿ. ಅವನು ಒಂದು ಕ್ಷಣ ತಡೆದರೂ ಬಿಟ್ಟುಬಿಡಿ.

ಧಾರವಾಡದ ಮಾತಿನ ತಮಾಷೆಯನ್ನು ಮಾತ್ರ ಉಳಿಸಿಕೊಳ್ಳಬಹುದು ಅನ್ನಿಸಿತು. ಕರಡಿನಲ್ಲಿ ನಿಮ್ಮ ಗೆಳೆಯ ಆ ಕಡೆಯ ಮಾತನ್ನು ಅಣಕಿಸಿ ಮೂರು ಸಾಲು ಬರೆದಿದ್ದಾನೆ. ಮೈಸೂರಿನವನು ಮೈಕ್‌ನಲ್ಲಿ ಧಾರವಾಡದ ಕನ್ನಡ ಅಣಕಿಸಿದರೆ, ಅದು ಎಷ್ಟೇ ಪ್ರೀತಿಯಿಂದ ಇದ್ದರೂ, ಆ ಕಡೆಯ ನಲವತ್ತು ಜನ ತಮ್ಮ ಮಾತಿನ ಬಗ್ಗೆ ನಕ್ಕರು ಅಂತಲೇ ಕೇಳಿಸಿಕೊಳ್ಳುತ್ತಾರೆ. ಆದರೆ ಅದೇ ಕರಡಿನಲ್ಲಿ, ಹುಡುಗ ಆ ಮಾತು ಕಲಿಯುತ್ತಿದ್ದಾನೆ ಅಂತ ಒಂದು ಸಾಲು ಇದೆ. ಫೋನಿನಲ್ಲಿ ನಡೆದದ್ದನ್ನೂ ಬರೆದಿದ್ದಾನೆ. ಅದನ್ನು ಹೀಗೆ ತಿರುಗಿಸಿದೆ:

"ಹೋದ ವಾರ ಇವನಿಗೆ ಫೋನ್ ಮಾಡಿದೆ. 'ಏನ್ರೀ, ಆರಾಮ್ರೀ?' ಅಂದ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ."

ಈಗ ನಗು ಬೀಳುವುದು ಹುಡುಗನ ಪ್ರಯತ್ನದ ಮೇಲೆ, ಫೋನ್ ಇಟ್ಟವನ ಮೇಲೆ. ಧಾರವಾಡದವರಿಗೆ, ನಮ್ಮ ಅಳಿಯ ನಮ್ಮ ಮಾತು ಕಲಿಯುತ್ತಿದ್ದಾನೆ ಅನ್ನುವ ಖುಷಿ ಸಿಗುತ್ತದೆ. ಹೇಳುವಾಗ ರಾಗ ಎಳೆದು ಅಣಕಿಸುವುದು ಬೇಡ, ತನ್ನ ಮಾಮೂಲಿ ದನಿಯಲ್ಲೇ ಹೇಳಲಿ.

ಇನ್ನು ಮುಖ್ಯ ಪ್ರಸಂಗ. ಕರಡಿನ ಐದನೇ ಪ್ಯಾರಾದಲ್ಲಿ, ಎರಡು ಹಳೇ ಜೋಕುಗಳ ನಡುವೆ, ಒಂದು ಸಾಲು ಸಿಕ್ಕಿಕೊಂಡಿತ್ತು. ಮಾತಾಡುವ ಗೆಳೆಯನ ಅಪ್ಪನಿಗೆ ಎದೆನೋವು ಬಂದ ರಾತ್ರಿ, ಹುಡುಗ ಆಸ್ಪತ್ರೆಗೆ ಓಡಿ ಬಂದದ್ದು. ಇಡೀ ಕರಡಿನಲ್ಲಿ ಬೇರೆ ಯಾರೂ ಹೇಳಲಾಗದ ಮಾತು ಅದೊಂದೇ. ಮೊದಲ ಪ್ಯಾರಾದಲ್ಲಿ, ಹುಡುಗ ಎಲ್ಲದಕ್ಕೂ ತಡವಾಗಿ ಬರುತ್ತಾನೆ ಅಂತ ಇದೆ. ಎರಡನ್ನೂ ಸೇರಿಸಿ ನೋಡಿ. ತಡವಾಗಿ ಬರುವ ಅಭ್ಯಾಸದಿಂದ ಶುರು ಮಾಡಿ, ಜನ ನಕ್ಕ ಮೇಲೆ, ತಡ ಮಾಡದ ಆ ಒಂದು ರಾತ್ರಿಗೆ ಬಂದರೆ ಮಾತು ತಾನಾಗಿ ಜೋಡಿಸಿಕೊಳ್ಳುತ್ತದೆ.

ನೀವೇ ಕೂತು ಆ ಭಾಗ ಬರೆಯಬೇಡಿ. ಗೆಳೆಯನಿಗೆ ಫೋನ್ ಮಾಡಿ, "ಆವತ್ತು ಏನಾಯ್ತು, ಹೇಳು" ಅಂತ ಕೇಳಿ, ರೆಕಾರ್ಡ್ ಮಾಡಿ, ಅವನು ಆಡಿದ ಮಾತನ್ನೇ ಬರೆದುಕೊಳ್ಳಿ ಅಂತ ನಿಮಗೆ ಮೊದಲೇ ಹೇಳಿದ್ದೆ. ಬರೆಯಲು ಕೂತಾಗ ಅವನು "ಆಪ್ತಮಿತ್ರನ ಆಗಮನವು ನನಗೆ ಧೈರ್ಯ ತುಂಬಿತು" ಅಂತ ಬರೆದಿದ್ದಾನೆ. ಬಾಯಲ್ಲಿ ಅವನು ಖಂಡಿತ ಹಾಗೆ ಹೇಳುವುದಿಲ್ಲ. ಕೊನೆಯಲ್ಲಿ ಅಂಟಿಸಿರುವ, ಇಂಟರ್ನೆಟ್ಟಿನಲ್ಲಿ ಸಿಕ್ಕ ಕವನವನ್ನೂ ಇದೇ ಕಾರಣಕ್ಕೆ ತೆಗೆಯಿರಿ.

ತಿದ್ದುವಾಗ ಪದಗಳ ಜಾಗ ನೋಡಿ. ತಮಾಷೆಯ ಪದ ಕೊನೆಗೆ ಬಂದರೆ ಜನ ತಕ್ಷಣ ನಗುತ್ತಾರೆ. ಕನ್ನಡದಲ್ಲಿ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬಂದು ಕೂತುಕೊಳ್ಳುತ್ತದೆ, ತಮಾಷೆ ನಡುವೆ ಮುಚ್ಚಿಹೋಗುತ್ತದೆ. ಕರಡಿನಲ್ಲಿ ಹೀಗಿತ್ತು: "ಆರು ಗಂಟೆ ಸಿನಿಮಾಗೆ ಇವನು ಇಂಟರ್ವಲ್ ಹೊತ್ತಿಗೆ ಬಂದು ನಮ್ಮ ಪಕ್ಕದಲ್ಲಿ ಕುಳಿತುಕೊಂಡಿದ್ದನು." ಇದನ್ನು ಮುರಿಯಿರಿ: "ಸಿನಿಮಾ ಆರು ಗಂಟೆಗೆ. ಇವನು ಬಂದಿದ್ದು ಇಂಟರ್ವಲ್‌ಗೆ." ಕ್ರಿಯಾಪದವನ್ನು "ಬಂದಿದ್ದು" ಅಂತ ಮುಂದಕ್ಕೆ ತಂದರೆ ಇಂಟರ್ವಲ್ ಕೊನೆಗೆ ಉಳಿಯುತ್ತದೆ. ಅದಾದ ಮೇಲೆ ಒಂದು ಪದವನ್ನೂ ಸೇರಿಸಬಾರದು. ಒಂದು ಉಸಿರು ನಿಲ್ಲಬೇಕು.

ಹೀಗೆ ತಿದ್ದಿದ ಮೇಲೆ ಮಾತಿನ ನಡುಭಾಗ ಮತ್ತು ಕೊನೆ ಹೀಗಾಯಿತು:

"ಸಿನಿಮಾ ಆರು ಗಂಟೆಗೆ. ಇವನು ಬಂದಿದ್ದು ಇಂಟರ್ವಲ್‌ಗೆ. ನನ್ನ ಹುಟ್ಟಿದ ಹಬ್ಬಕ್ಕೆ ಬಂದಿದ್ದು ಮಾರನೇ ದಿನ. ನಾಳೆ ಮುಹೂರ್ತ ಒಂಬತ್ತಕ್ಕೆ. ಇವನಿಗೆ ಏಳಕ್ಕೆ ಅಂತ ಹೇಳಿದ್ದೀವಿ.

ಎರಡು ವರ್ಷದ ಹಿಂದೆ ನಮ್ಮಪ್ಪನಿಗೆ ರಾತ್ರಿ ಎದೆನೋವು ಬಂತು. ಆಸ್ಪತ್ರೆಯಿಂದ ಇವನಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಹದಿನೈದು ನಿಮಿಷಕ್ಕೆ ಬಂದ. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಬೆಳಗಿನ ತನಕ ನನ್ನ ಪಕ್ಕ ಕೂತಿದ್ದ. ನಮ್ಮಪ್ಪ ಇವತ್ತು ಅಲ್ಲಿ, ಮೂರನೇ ಟೇಬಲ್ಲಿನಲ್ಲಿ ಕೂತಿದ್ದಾರೆ.

ಅತ್ತಿಗೆ, ಸಿನಿಮಾಗೆ ನೀವು ಮೊದಲೇ ಹೋಗಿ ಕೂತ್ಕೊಳ್ಳಿ. ಇವನು ಇಂಟರ್ವಲ್‌ಗೆ ಬರ್ತಾನೆ. ಆದರೆ ನೀವು ಕರೆದ ರಾತ್ರಿ ಇವನು ತಡ ಮಾಡಲ್ಲ. ಅದನ್ನ ನಾನು ನೋಡಿದ್ದೀನಿ."

ಎರಡು ಬೇರೆ ಚಪ್ಪಲಿಯ ವಿಷಯ ಕರಡಿನಲ್ಲಿ ಇರಲಿಲ್ಲ. ನೀವು ಫೋನಿನಲ್ಲಿ ಕೇಳಿ ಕಳಿಸಿದ ರೆಕಾರ್ಡಿಂಗ್‌ನಲ್ಲಿ ಸಿಕ್ಕಿತು. ಅಪ್ಪನ ಮಾತು ಬಂದ ಮೇಲೆ ಹಾಲ್ ಗಂಭೀರವಾಗುತ್ತದೆ, ಅವರು ಎದುರಿಗೇ ಕೂತಿದ್ದಾರೆ ಅಂದ ಕೂಡಲೇ ಹಗುರವಾಗುತ್ತದೆ. ಆ ಸಾಲು ಬಿಟ್ಟರೆ ಅಪ್ಪ ತೀರಿಹೋದರೇನೋ ಅಂತ ಜನ ಅಂದುಕೊಳ್ಳುತ್ತಾರೆ. ಈ ವಿಷಯ ಹೇಳಬಹುದಾ ಅಂತ ಅವರ ಅನುಮತಿಯನ್ನೂ ಮೊದಲೇ ಕೇಳಿಕೊಳ್ಳಲಿ.

ಕೊನೆಯಲ್ಲಿ ಗ್ಲಾಸ್ ಎತ್ತಿಸುವುದರ ಬಗ್ಗೆ. ಜ್ಯೂಸ್ ಇದ್ದರೂ ಕೆಲವು ಹಿರಿಯರಿಗೆ ಗ್ಲಾಸ್ ಎತ್ತುವುದು ಕುಡಿತದ ರೀತಿ ಕಾಣುತ್ತದೆ, ಏನು ಮಾಡಬೇಕು ಅಂತಲೂ ತಿಳಿಯುವುದಿಲ್ಲ. "ಇಬ್ಬರಿಗೂ ಜೋರಾಗಿ ಒಂದು ಚಪ್ಪಾಳೆ" ಅಂದರೆ 80 ಜನರಿಗೂ ಅರ್ಥವಾಗುತ್ತದೆ.

ನಿಮ್ಮ ಗ್ಯಾಂಗ್ ನಕ್ಕಿತು ಅಂತ ನಂಬಬೇಡಿ, ಅವರಿಗೆ ಕಥೆ ಮೊದಲೇ ಗೊತ್ತು. ಹುಡುಗಿಯ ಅಣ್ಣ ಅಥವಾ ತಂಗಿಗೆ ಓದಿ ಹೇಳಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಇದರಲ್ಲಿ ನಿಮ್ಮ ಅಮ್ಮನಿಗೆ ಇಷ್ಟವಾಗದ ಸಾಲು ಯಾವುದು?" ಅಂತ ಕೇಳಿ. ಫೋನಿನ ಕಥೆಯ ಬಗ್ಗೆ ಅವರು ಏನಾದರೂ ಅನುಮಾನ ಹೇಳಿದರೆ ಅದೂ ಹೋಗಲಿ.

ಮಾತನ್ನು ದೊಡ್ಡ ಅಕ್ಷರದಲ್ಲಿ ಎರಡು ಕಾರ್ಡಿನ ಮೇಲೆ ಬರೆಸಿ. ಫೋನ್ ನೋಡಿ ಓದಿದರೆ ಮುಖಕ್ಕೆ ಬೆಳಕು ಬೀಳುತ್ತದೆ, ನಡುವೆ ಮೆಸೇಜ್ ಬರುತ್ತದೆ. ಫೋನಿನ ಕಥೆಗೂ ಹುಟ್ಟಿದ ಹಬ್ಬದ ಸಾಲಿಗೂ ಪೆನ್ಸಿಲ್‌ನಲ್ಲಿ ಕಂಸ ಹಾಕಿ. ಊಟ ತಡವಾಗಿದ್ದರೆ, ಅಥವಾ ಮೊದಲ ತಮಾಷೆಗೆ ನಿಮ್ಮ ಟೇಬಲ್ ಮಾತ್ರ ನಕ್ಕಿದ್ದರೆ, ಅವೆರಡನ್ನೂ ಬಿಟ್ಟು ಅವನು ನೇರವಾಗಿ ಆಸ್ಪತ್ರೆಯ ರಾತ್ರಿಗೆ ಹೋಗಬಹುದು.