ಉರಿಯೂತ: ಅಕ್ಯೂಟ್ ಯಾವುದು, ಕ್ರಾನಿಕ್ ಯಾವುದು? ಪರೀಕ್ಷೆಯ ಹಳೇ ಪ್ರಶ್ನೆಯ ಹಿನ್ನೆಲೆ

ಪೆಥಾಲಜಿ ಪೇಪರಿನಲ್ಲಿ ‘ಅಕ್ಯೂಟ್ ಮತ್ತು ಕ್ರಾನಿಕ್ ಉರಿಯೂತದ ವ್ಯತ್ಯಾಸ ಬರೆಯಿರಿ’ ಅಂತ ಬಂದರೆ ವಿದ್ಯಾರ್ಥಿಗಳಿಗೆ ಖುಷಿ. ನಡುವೆ ಒಂದು ಗೆರೆ ಎಳೆದರೆ ಅರ್ಧ ಉತ್ತರ ಮುಗಿದಂತೆ. ಒಂದು ಕಡೆ ದಿನಗಳು, ಇನ್ನೊಂದು ಕಡೆ ತಿಂಗಳು, ವರ್ಷ. ಬಿಳಿ ರಕ್ತಕಣಗಳಲ್ಲಿ ಒಂದು ಕಡೆ ನ್ಯೂಟ್ರೋಫಿಲ್, ಇನ್ನೊಂದು ಕಡೆ ಲಿಂಫೋಸೈಟ್. ಒಂದು ಕಡೆ ಪೂರ್ತಿ ವಾಸಿ, ಇನ್ನೊಂದು ಕಡೆ ಫೈಬ್ರೋಸಿಸ್, ಅಂದರೆ ಗಾಯದ ಕಲೆ. ಟೇಬಲ್ ಏನೋ ಸರಿ. ಆದರೆ ವೈವಾದಲ್ಲಿ ‘ಈ ಕೋಶ ಬಂದರೆ ಕಲೆ ಯಾಕೆ ಉಳಿಯುತ್ತೆ?’ ಅಂತ ಕೇಳಿದರೆ ಹೆಚ್ಚಿನವರು ತಲೆ ತಗ್ಗಿಸುತ್ತಾರೆ. ಟೇಬಲ್ಲಿನ ಸಾಲುಗಳು ಒಂದರಿಂದ ಒಂದು ಹುಟ್ಟಿದವು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ತುಂಬಾ ಕಾಲ ವೈದ್ಯರಿಗೆ ಕಾಣುತ್ತಿದ್ದದ್ದು ಹೊರಗಿನ ಲಕ್ಷಣ ಮಾತ್ರ. ಒಂದನೇ ಶತಮಾನದಲ್ಲಿ ರೋಮಿನ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಅಂತ ನಾಲ್ಕನ್ನು ಬರೆದಿಟ್ಟ. ಇಂದಿಗೂ ಉತ್ತರ ಶುರುವಾಗುವುದು ಅಲ್ಲಿಂದಲೇ. ಆದರೆ ಈ ನಾಲ್ಕೂ ಅಕ್ಯೂಟ್ ಉರಿಯೂತದ ಲಕ್ಷಣಗಳು. ವರ್ಷಗಟ್ಟಲೆ ಸದ್ದಿಲ್ಲದೆ ಅಂಗವನ್ನು ತಿನ್ನುವ ಕ್ರಾನಿಕ್ ಉರಿಯೂತ ಈ ಪಟ್ಟಿಗೆ ಸಿಗುವುದು ಕಡಿಮೆ. ಅದನ್ನು ಗುರುತಿಸಲು ಮೈಕ್ರೋಸ್ಕೋಪ್ ಬೇಕಾಯಿತು.

ಮೈಕ್ರೋಸ್ಕೋಪ್ ಬಂದ ಮೇಲೂ ಒಂದು ಜಗಳ ಬಾಕಿ ಇತ್ತು. ಕೀವಿನಲ್ಲಿ ಕಾಣುವ ಕೋಶಗಳು ಎಲ್ಲಿಂದ ಬರುತ್ತವೆ? ಅವು ಅಲ್ಲೇ ಇರುವ ಅಂಗಾಂಶದಿಂದ ಹುಟ್ಟುತ್ತವೆ ಅನ್ನುವುದು ಬರ್ಲಿನ್ನಿನ ರುಡಾಲ್ಫ್ ವಿರ್ಕೋ ವಾದ. ಅವನ ಸಹಾಯಕನಾಗಿದ್ದ ಜೂಲಿಯಸ್ ಕೋನ್‌ಹೈಮ್‌ಗೆ ಇದು ಸರಿ ಅನ್ನಿಸಲಿಲ್ಲ. ಅವನು ಕಪ್ಪೆಯ ಹೊಟ್ಟೆ ಸೀಳಿ, ಕರುಳಿಗೆ ಅಂಟಿರುವ ತೆಳ್ಳನೆ ಪೊರೆಯನ್ನು ಹೊರಗೆಳೆದು ಮೈಕ್ರೋಸ್ಕೋಪಿನ ಕೆಳಗೆ ಹರಡಿದ. ಬೇರೆ ಏನೂ ಮಾಡಬೇಕಿರಲಿಲ್ಲ. ಗಾಳಿಗೆ ಒಡ್ಡಿದ್ದಕ್ಕೇ ಪೊರೆ ಕೆರಳಿತು. ಮೊದಲು ರಕ್ತನಾಳಗಳು ಹಿಗ್ಗಿದವು. ರಕ್ತ ಜೋರಾಗಿ ಹರಿದು, ಆಮೇಲೆ ನಿಧಾನವಾಯಿತು. ನಡುವೆ ಓಡುತ್ತಿದ್ದ ಬಿಳಿ ಕಣಗಳು ಅಂಚಿಗೆ ಸರಿದು ನಾಳದ ಗೋಡೆಗೆ ಅಂಟಿಕೊಂಡವು. ಸ್ವಲ್ಪ ಹೊತ್ತಿಗೆ ಗೋಡೆಯ ಹೊರಮೈಯಲ್ಲಿ ಒಂದು ಸಣ್ಣ ಗುಬುಟು ಕಂಡಿತು. ಅದು ದೊಡ್ಡದಾಗುತ್ತಾ ಹೋಗಿ ಇಡೀ ಕಣವೇ ಹೊರಗೆ ಬಂತು. ಇದು ಪ್ರಕಟವಾದದ್ದು 1867ರಲ್ಲಿ. ಆಗಸ್ಟಸ್ ವಾಲರ್ 1846ರಲ್ಲೇ ಇದನ್ನು ನೋಡಿದ್ದ, ಆದರೆ ಆಗ ಯಾರೂ ಅಷ್ಟಾಗಿ ಕಿವಿಗೊಟ್ಟಿರಲಿಲ್ಲ. ಕೋನ್‌ಹೈಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕಪ್ಪೆಯ ಬಿಳಿ ಕಣಗಳಿಗೆ ಬಣ್ಣ ಸೇರಿಸಿ, ಕಣ್ಣಿನ ಕಾರ್ನಿಯಾಕ್ಕೆ ಗಾಯ ಮಾಡಿದ. ಬಣ್ಣದ ಕಣಗಳೇ ಗಾಯದಲ್ಲಿ ಸಿಕ್ಕವು. ಕೀವು ರಕ್ತದಿಂದ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿಟ್ಟ. ಮಾರನೇ ದಿನ ನೋಡಿದರೆ ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಮುತ್ತಿಕೊಂಡಿದ್ದವು. ಆ ಮರಿಗೆ ರಕ್ತನಾಳಗಳೇ ಇಲ್ಲ. ಅಂದರೆ ನಾಳ ಹಿಗ್ಗುವುದು ಉರಿಯೂತದ ಒಂದು ಭಾಗ ಅಷ್ಟೇ. ತಿನ್ನುವ ಕೋಶ ಬರುವುದು ಅದರ ತಿರುಳು. ಸಣ್ಣ ತಿನ್ನುವ ಕೋಶ, ದೊಡ್ಡ ತಿನ್ನುವ ಕೋಶ ಅಂತ ಅವನು ಎರಡನ್ನು ಬೇರೆ ಮಾಡಿದ. ಸಣ್ಣದು ಇಂದಿನ ನ್ಯೂಟ್ರೋಫಿಲ್. ದೊಡ್ಡದಕ್ಕೆ ಅವನಿಟ್ಟ ಮ್ಯಾಕ್ರೋಫೇಜ್ ಅನ್ನುವ ಹೆಸರೇ ಉಳಿದುಕೊಂಡಿದೆ. ಪರೀಕ್ಷೆಯ ಟೇಬಲ್ಲಿಗೆ ಬೇಕಾದ ಎರಡು ಮುಖ್ಯ ಪಾತ್ರಗಳು ಸಿಕ್ಕಿದ್ದು ಹೀಗೆ.

ಇವುಗಳ ನಡತೆ ಗೊತ್ತಾದರೆ ಉಳಿದದ್ದು ಸುಲಭ. ನ್ಯೂಟ್ರೋಫಿಲ್ ರಕ್ತದಲ್ಲಿ ಜಾಸ್ತಿ ಸಂಖ್ಯೆಯಲ್ಲಿದೆ, ಬೇಗ ಅಂಟುತ್ತದೆ, ಬೇಗ ಬರುತ್ತದೆ. ಮೊದಲ 6ರಿಂದ 24 ಗಂಟೆ ಅದರದೇ ದರ್ಬಾರು. ಆದರೆ ಅಂಗಾಂಶದಲ್ಲಿ ಅದರ ಆಯುಸ್ಸು ಒಂದೆರಡು ದಿನ. 24ರಿಂದ 48 ಗಂಟೆಯ ಹೊತ್ತಿಗೆ ರಕ್ತದಿಂದ ಮಾನೋಸೈಟ್ ಅನ್ನುವ ಬಿಳಿ ಕಣಗಳು ಬಂದು ಮ್ಯಾಕ್ರೋಫೇಜ್ ಆಗುತ್ತವೆ. ಇವು ಬಹಳ ದಿನ ಬದುಕುತ್ತವೆ. ಸತ್ತದ್ದನ್ನು ತಿನ್ನುತ್ತವೆ, ಲಿಂಫೋಸೈಟ್‌ಗಳನ್ನು ಕೆರಳಿಸುತ್ತವೆ, ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳಿಗೆ ಕೊಲಾಜನ್, ಅಂದರೆ ಕಲೆಯ ನಾರು, ಕಟ್ಟಲು ಸೂಚನೆ ಕೊಡುತ್ತವೆ. ಹಾಗಾಗಿ ‘ಕ್ರಾನಿಕ್ ಅಂದರೆ ಲಿಂಫೋಸೈಟ್’ ಅಂತ ಬರೆದು ನಿಲ್ಲಿಸುವುದು ಅರೆಬರೆ ಉತ್ತರ. ಯಜಮಾನಿಕೆ ಮ್ಯಾಕ್ರೋಫೇಜಿನದು.

ಈಗ ಒಂದೇ ಅಂಗದಲ್ಲಿ ಎರಡನ್ನೂ ನೋಡೋಣ. ನ್ಯುಮೋಕಾಕಸ್‌ನಿಂದ ಲೋಬಾರ್ ನ್ಯುಮೋನಿಯಾ ಆದ ಶ್ವಾಸಕೋಶ ತೆಗೆದುಕೊಳ್ಳಿ. ಪ್ಯಾರಿಸ್ಸಿನ ಲೆನೆಕ್ 1819ರ ಹೊತ್ತಿಗೇ ಇದರ ಹಂತಗಳನ್ನು ಬರೆದಿದ್ದ. ಮೊದಲು ನಾಳಗಳು ತುಂಬಿ ಗಾಳಿಗೂಡುಗಳಲ್ಲಿ ನೀರು. ಆಮೇಲೆ ಕೆಂಪು ಕಣ, ನ್ಯೂಟ್ರೋಫಿಲ್, ರಕ್ತ ಹೆಪ್ಪುಗಟ್ಟಿಸುವ ನಾರಾದ ಫೈಬ್ರಿನ್ ಸೇರಿ ಶ್ವಾಸಕೋಶ ಲಿವರ್ ತರ ಗಟ್ಟಿ. ಒಂದು ತುಂಡು ನೀರಿಗೆ ಹಾಕಿದರೆ ಮುಳುಗುತ್ತದೆ. ಮುಂದೆ ಕೆಂಪು ಕಣಗಳು ಒಡೆದು ಬಣ್ಣ ಬೂದಿಗೆ ತಿರುಗುತ್ತದೆ. ಎಂಟು ಹತ್ತು ದಿನದ ಹೊತ್ತಿಗೆ ಎನ್‌ಜೈಮುಗಳು ಫೈಬ್ರಿನ್ ಕರಗಿಸುತ್ತವೆ, ಮ್ಯಾಕ್ರೋಫೇಜ್ ಕಸ ಗುಡಿಸುತ್ತದೆ, ಉಳಿದದ್ದು ಕೆಮ್ಮಿನಲ್ಲಿ ಹೋಗುತ್ತದೆ. ಶ್ವಾಸಕೋಶ ಮೊದಲಿನಂತೆಯೇ ಆಗುತ್ತದೆ. ಇಷ್ಟೆಲ್ಲ ರಂಪ ಆದರೂ ಕಲೆ ಯಾಕಿಲ್ಲ? ಗಾಳಿಗೂಡಿನ ಗೋಡೆ ಸಾಯಲಿಲ್ಲ, ಅದಕ್ಕೆ. ಮನೆಗೆ ನೆರೆ ನುಗ್ಗಿದರೂ ಗೋಡೆ ನಿಂತಿದ್ದರೆ ಕೆಸರು ತೆಗೆದರೆ ಸಾಕು, ಹೊಸದಾಗಿ ಕಟ್ಟಬೇಕಿಲ್ಲ. ಇದೇ ಜಾಗಕ್ಕೆ ಸ್ಟಾಫಿಲೋಕಾಕಸ್ ಬಂದು ಗೋಡೆಯನ್ನೇ ಕರಗಿಸಿ ಕೀವುಗುಳ್ಳೆ ಮಾಡಿದರೆ, ಅದೂ ಅಕ್ಯೂಟೇ, ಆದರೆ ಕಲೆ ಉಳಿಯುತ್ತದೆ. ಫೈಬ್ರಿನ್ ಕರಗದೆ ಉಳಿದು, ಅದರೊಳಗೆ ಫೈಬ್ರೋಬ್ಲಾಸ್ಟ್ ಬೆಳೆದರೂ ಅಷ್ಟೇ. ‘ಅಕ್ಯೂಟ್ ಅಂದರೆ ಪೂರ್ತಿ ವಾಸಿ’ ಅನ್ನುವ ಸಾಲು ಇಲ್ಲಿ ಬಿದ್ದುಹೋಗುತ್ತದೆ.

ಅದೇ ಶ್ವಾಸಕೋಶಕ್ಕೆ ಟಿಬಿ ಬಂದರೆ? ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಆದರೆ ಕೊಲ್ಲಲು ಆಗುವುದಿಲ್ಲ; ಅದು ಒಳಗೇ ಬದುಕುತ್ತದೆ. ಕಾರಣ ಹೋಗಲಿಲ್ಲ, ಉರಿಯೂತವೂ ಹೋಗಲಿಲ್ಲ. ಕೆಲವು ವಾರಗಳಲ್ಲಿ ಟಿ ಲಿಂಫೋಸೈಟ್‌ಗಳು ಬಂದು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುವ ಇಂಟರ್‌ಫೆರಾನ್ ಗಾಮಾ ಸುರಿಸುತ್ತವೆ. ಮ್ಯಾಕ್ರೋಫೇಜ್‌ಗಳು ಉದ್ದವಾಗಿ ಎಪಿಥೀಲಿಯಾಯ್ಡ್ ಕೋಶಗಳಾಗುತ್ತವೆ, ಕೆಲವು ಸೇರಿ ಲಾಂಗ್‌ಹಾನ್ಸ್ ದೈತ್ಯಕೋಶವಾಗುತ್ತವೆ. ಸುತ್ತ ಲಿಂಫೋಸೈಟ್ ಉಂಗುರ, ನಡುವೆ ಗಿಣ್ಣಿನಂಥ ಸತ್ತ ಭಾಗ. ಇದೇ ಗ್ರಾನುಲೋಮ. ಇದನ್ನು ಗ್ರಾನುಲೇಶನ್ ಟಿಶ್ಯೂ ಜೊತೆ ಬೆರೆಸಿ ಮಾರ್ಕ್ಸ್ ಕಳೆದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಗ್ರಾನುಲೇಶನ್ ಟಿಶ್ಯೂ ಅಂದರೆ ಹೊಸ ರಕ್ತನಾಳ, ಫೈಬ್ರೋಬ್ಲಾಸ್ಟ್ ತುಂಬಿದ, ಗಾಯ ಮಾಯುವಾಗಿನ ಅಂಗಾಂಶ. ಟಿಬಿಯಲ್ಲಿ ಹಾಳಾಗುವುದು, ಹೋರಾಡುವುದು, ರಿಪೇರಿ ಮೂರೂ ಒಟ್ಟಿಗೇ ನಡೆಯುತ್ತವೆ. ಗೋಡೆ ಸತ್ತಿರುವುದರಿಂದ ಔಷಧಿಯಿಂದ ಬ್ಯಾಕ್ಟೀರಿಯಾ ಸತ್ತರೂ ಕಲೆ, ಸುಣ್ಣಗಟ್ಟಿದ ಗಂಟು ಉಳಿದುಬಿಡುತ್ತವೆ.

ಇನ್ನು ಕಾಲದ ಲೆಕ್ಕ. ವೈರಸ್ ಸೋಂಕಿನಲ್ಲಿ ಮೊದಲು ಬರುವುದೇ ಲಿಂಫೋಸೈಟ್ ಆಗಿರಬಹುದು. ಸ್ಲೈಡಿನಲ್ಲಿ ಲಿಂಫೋಸೈಟ್ ಕಂಡ ಮಾತ್ರಕ್ಕೆ ತಿಂಗಳುಗಳ ಕಾಯಿಲೆ ಅಂತ ಬರೆಯಬಾರದು. ಇದರ ತಿರುವುಮುರುವು ಹೆಲಿಕೋಬ್ಯಾಕ್ಟರ್ ಪೈಲೋರಿ ಇರುವ ಹೊಟ್ಟೆಯಲ್ಲಿ ಸಿಗುತ್ತದೆ. ವರ್ಷಗಳ ಸೋಂಕು, ಆದರೂ ಬಯಾಪ್ಸಿಯಲ್ಲಿ ಲಿಂಫೋಸೈಟ್, ಪ್ಲಾಸ್ಮಾ ಕೋಶಗಳ ಜೊತೆ ಗ್ರಂಥಿಗಳೊಳಗೆ ನ್ಯೂಟ್ರೋಫಿಲ್ ನುಗ್ಗಿರುತ್ತದೆ. ರಿಪೋರ್ಟಿನಲ್ಲಿ ‘ಕ್ರಾನಿಕ್ ಆಕ್ಟಿವ್ ಗ್ಯಾಸ್ಟ್ರೈಟಿಸ್’ ಅಂತ ಬರೆಯುತ್ತಾರೆ. ‘ಆಕ್ಟಿವ್’ ಅನ್ನುವುದು ಆ ನ್ಯೂಟ್ರೋಫಿಲ್‌ಗಳಿಗಾಗಿ. ಬ್ಯಾಕ್ಟೀರಿಯಾ ಹೋದರೆ ನ್ಯೂಟ್ರೋಫಿಲ್ ಬೇಗನೆ ಮಾಯ. ಲಿಂಫೋಸೈಟ್ ಖಾಲಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರೊಳಗೆ ನಾಶವಾಗಿ ಹೋದ ಗ್ರಂಥಿಗಳು ಎಷ್ಟೋ ಸಲ ವಾಪಸ್ ಬರುವುದೇ ಇಲ್ಲ.