ಮಾತ್ರೆ ನುಂಗಿದ ವಾರಕ್ಕೆ ಕಂಡ ರಕ್ತ ಮುಟ್ಟೇನಾ?

ಗಂಗಾವತಿ ಹತ್ತಿರದ ಊರಿಂದ ಒಬ್ಬರು ಕೇಳಿದ್ದಾರೆ: "ನನಗೆ ಜೂನ್ 2ಕ್ಕೆ ಮುಟ್ಟಾಗಿತ್ತು. 11ರ ರಾತ್ರಿ ಸೇರಿದ್ವಿ, 12ರ ಬೆಳಿಗ್ಗೆ 72 ಗಂಟೆ ಮಾತ್ರೆ ತಗೊಂಡೆ. 18ಕ್ಕೆ ಮೂರು ದಿನ ಸ್ವಲ್ಪ ರಕ್ತ ಕಾಣಿಸ್ತು. 30ಕ್ಕೆ ಡೇಟ್ ಇತ್ತು, ಇವತ್ತು ಜುಲೈ 3, ಇನ್ನೂ ಆಗಿಲ್ಲ. 18ಕ್ಕೆ ಆಗಿದ್ದೇ ಮುಟ್ಟು ಅಂತ ತಿಳೀಲಾ?"

ಅದನ್ನ ಮುಟ್ಟು ಅಂತ ಲೆಕ್ಕ ಹಿಡೀಬೇಡಿ, ಅಕ್ಕ. ಮಾತ್ರೆಯ ಹಾರ್ಮೋನ್ ಮೈಯಲ್ಲಿ ಏರಿ ಇಳಿದಾಗ ಗರ್ಭಕೋಶದ ಒಳಪದರ ಸ್ವಲ್ಪ ಉದುರಿ, ನಡುವೆ ಹೀಗೆ ಕಲೆ ಕಾಣಿಸಬಹುದು. ದಿನಕ್ಕೆ ಒಂದು ಪ್ಯಾಡ್ ಕೂಡ ಪೂರ್ತಿ ತುಂಬದಷ್ಟು, ಕಂದು ಬಣ್ಣದ ಕಲೆ ಆಗಿದ್ದರೆ ಇದೇ ಇರಬೇಕು. ಆದರೆ ಅದು ಕಾಣಿಸಿತು ಅಂದ ಮಾತ್ರಕ್ಕೆ ಬಸಿರಿಲ್ಲ ಅಂತಾಗಲ್ಲ.

ಮತ್ತೆ ಡೇಟ್ ಯಾಕೆ ತಡ? ಈ ಮಾತ್ರೆ, ಅಂದರೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಮಾಡುವ ಮುಖ್ಯ ಕೆಲಸ ಅಂಡ ಬಿಡುಗಡೆಯನ್ನ ಮುಂದೆ ಹಾಕೋದು. ಅಂಡ ಬಿಟ್ಟು ಹೆಚ್ಚುಕಡಿಮೆ 14 ದಿನಕ್ಕೆ ಮುಟ್ಟು ಬರುತ್ತೆ ಅಲ್ವಾ, ಅಂಡ ಎಷ್ಟು ದಿನ ತಡವಾಯಿತೋ ಮುಟ್ಟೂ ಅಷ್ಟೇ ತಡ. ನಿಮ್ಮದು 28 ದಿನದ ಲೆಕ್ಕ, ಮಾತ್ರೆ ತಗೊಂಡಿದ್ದು 11ನೇ ದಿನ. 14ನೇ ದಿನ ಬಿಡಬೇಕಿದ್ದ ಅಂಡ 5 ದಿನ ಮುಂದಕ್ಕೆ ಹೋಗಿದ್ದರೆ 19ನೇ ದಿನ ಬಿಟ್ಟಿರುತ್ತೆ, ಮುಟ್ಟು 33ನೇ ದಿನ, ಅಂದರೆ ಜುಲೈ 4ರ ಸುಮಾರಿಗೆ. ಎಲ್ಲರಿಗೂ ತಡವೇ ಆಗುತ್ತೆ ಅಂತಿಲ್ಲ. ಮುಟ್ಟು ನಿಂತ ಕೂಡಲೇ ತಗೊಂಡವರಿಗೆ ಎಷ್ಟೋ ಸಲ ಡೇಟ್ ಮೊದಲೇ ಬಂದುಬಿಡುತ್ತೆ. ಹೆಚ್ಚಿನವರಿಗೆ ಈ ವ್ಯತ್ಯಾಸ ಒಂದು ವಾರದೊಳಗೇ ಇರುತ್ತೆ.

ನನಗೆ ನಿಜವಾಗಿ ಚಿಂತೆ ಇರೋದು ಬೇರೆ ಕಡೆ. ಅಂಡ ಮುಂದೆ ಹೋಯಿತು ಅಂದರೆ ಬಸಿರಾಗುವ ದಿನಗಳೂ ಮುಂದೆ ಹೋದ ಹಾಗೆ. 12ರ ಮಾತ್ರೆ 11ರ ರಾತ್ರಿಗೆ ಮಾತ್ರ. "ಮಾತ್ರೆ ತಗೊಂಡೀನಲ್ಲ" ಅಂತ ಆಮೇಲೆ 15ಕ್ಕೋ 18ಕ್ಕೋ ನಿರೋಧ್ ಇಲ್ಲದೆ ಸೇರಿದ್ದರೆ ಅದಕ್ಕೆ ಆ ಮಾತ್ರೆಯ ರಕ್ಷಣೆ ಇಲ್ಲ. ಹೀಗೆ ಬಸಿರಾಗಿ, ಮಾತ್ರೆಯೇ ಸರಿ ಇರಲಿಲ್ಲ ಅಂದುಕೊಳ್ಳುವವರು ಇದ್ದಾರೆ.

ಈಗ ಏನು ಮಾಡೋದು? ಮೆಡಿಕಲ್ ಶಾಪಿನಲ್ಲಿ ಪ್ರೆಗ್ನೆನ್ಸಿ ಕಿಟ್ ತಗೊಳ್ಳಿ, ಕೇಳೋಕೆ ಸಂಕೋಚ ಆದರೆ ಆಶಾ ಅಕ್ಕನ ಹತ್ತಿರ ವಿಚಾರಿಸಿ. ನಾಳೆ ಬೆಳಿಗ್ಗೆ ಎದ್ದ ಮೊದಲ ಮೂತ್ರದಲ್ಲಿ ನೋಡಿ. ರಕ್ಷಣೆ ಇಲ್ಲದೆ ಕೊನೆಯ ಸಲ ಸೇರಿ 21 ದಿನ ಆಗಿದ್ದರೆ ಉತ್ತರ ನಂಬಬಹುದು. 11ನೇ ತಾರೀಖೇ ಕೊನೆ ಅನ್ನೋದಾದರೆ ಜುಲೈ 2ಕ್ಕೇ 21 ದಿನ ಮುಗಿದಿದೆ. ಒಂದೇ ಗೆರೆ ಬಂದರೆ ಆ ರಾತ್ರಿಯಿಂದ ಬಸಿರಿಲ್ಲ, ಮುಟ್ಟಿಗೆ ಕಾಯಿರಿ. ಆಮೇಲೂ ಸೇರಿದ್ದರೆ ಆ ದಿನದಿಂದ ಮತ್ತೆ 21 ಎಣಿಸಿ ಇನ್ನೊಮ್ಮೆ ನೋಡಬೇಕು. ಎರಡು ಗೆರೆ ಬಂದರೆ, ಅಥವಾ ಹೊಟ್ಟೆಯ ಕೆಳಗೆ ಒಂದೇ ಪಕ್ಕದಲ್ಲಿ ಜೋರು ನೋವಿದ್ದರೆ, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಮುಂದಿನ ಡೇಟನ್ನ ಮಾತ್ರ ಜೂನ್ 30ರಿಂದಲೂ ಎಣಿಸಬೇಡಿ, 18ರಿಂದಲೂ ಬೇಡ. ಯಾವಾಗಿನ ಹಾಗೆ ಹರಿವು ಶುರುವಾದ ದಿನವೇ ಒಂದನೇ ದಿನ.