ಅಂದಾಜಿನ ಗೆರೆ, ಅದರ ಸುತ್ತಲಿನ ನೆರಳು: ಪಟ್ಟಿ ಎಷ್ಟು ಅಗಲ ಇರಬೇಕು?

1997ರ ವಸಂತದಲ್ಲಿ ಅಮೆರಿಕದ ನಾರ್ತ್ ಡಕೋಟಾದ ಗ್ರಾಂಡ್ ಫೋರ್ಕ್ಸ್ ಎಂಬ ಊರು ರೆಡ್ ನದಿಯ ಪ್ರವಾಹಕ್ಕೆ ಸಜ್ಜಾಗುತ್ತಿತ್ತು. ನೀರು 49 ಅಡಿಗೆ ಏರಬಹುದು ಎಂದು ಹವಾಮಾನ ಇಲಾಖೆ ವಾರಗಳ ಮುಂಚೆಯೇ ಹೇಳಿತ್ತು. ಊರಿನವರು ಅದಕ್ಕಿಂತ ಎರಡು ಮೂರು ಅಡಿ ಎತ್ತರಕ್ಕೆ ಒಡ್ಡು ಹಾಕಿಕೊಂಡರು. ಏಪ್ರಿಲ್‌ನಲ್ಲಿ ನೀರು 54 ಅಡಿ ದಾಟಿತು, ಊರಿಗೆ ಊರೇ ಖಾಲಿಯಾಯಿತು.

ಲೆಕ್ಕ ಹಾಕಿದರೆ ತಪ್ಪಿದ್ದು ಶೇ 10ರಷ್ಟು. ಅಷ್ಟು ಮುಂಚಿತವಾಗಿ ಹೇಳಿದ ಅಂದಾಜಿಗೆ ಇದೇನು ಭಾರಿ ತಪ್ಪಲ್ಲ. ಆದರೆ ಜನರ ಕಿವಿಗೆ ಬಿದ್ದದ್ದು 49 ಎಂಬ ಒಂದೇ ಅಂಕಿ. ಐದಾರು ಅಡಿ ಆಚೀಚೆ ಆಗಬಹುದು ಅನ್ನೋದು ಆ ಅಂಕಿಯ ಪಕ್ಕದಲ್ಲಿ ಎದ್ದು ಕಾಣಲಿಲ್ಲ. ಚಾರ್ಟಿನಲ್ಲಿ ಅಂದಾಜಿನ ಗೆರೆಯ ಸುತ್ತ ನೆರಳಿನ ಪಟ್ಟಿ ಎಳೆಯುವುದು ಅದನ್ನು ಕಾಣಿಸಲಿಕ್ಕೆ.

ಪಟ್ಟಿಯ ಅಗಲ ಎಲ್ಲಿಂದ ಬರುತ್ತದೆ? ನಮ್ಮ ಹಳೆಯ ತಪ್ಪುಗಳಿಂದ. ಒಂದು ಕಾಲ್ಪನಿಕ ಅಂಗಡಿ ತೆಗೆದುಕೊಳ್ಳಿ. ಈ ತಿಂಗಳು 240 ಚೀಲ ಅಕ್ಕಿ ಮಾರಿದೆ. ನಮ್ಮ ವಿಧಾನ ತೀರಾ ಸರಳ: ಮುಂದಿನ ತಿಂಗಳುಗಳಲ್ಲೂ ಇಷ್ಟೇ ಹೋಗುತ್ತದೆ ಅಂದುಕೊಳ್ಳುವುದು. ಹಿಂದೆ ಹೀಗೇ ಊಹಿಸಿದಾಗ ಒಂದೊಂದು ತಿಂಗಳೂ ಎಷ್ಟು ತಪ್ಪಿತ್ತು ಎಂದು ಬರೆದಿಟ್ಟು, ಆ ತಪ್ಪುಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಿರಿ. ಅದು 10 ಚೀಲ ಎಂದಿರಲಿ.

ಹತ್ತರಲ್ಲಿ ಎಂಟು ಸಲ ನಿಜವಾದ ಮಾರಾಟ ಒಳಗೆ ಬರುವಂಥ ಪಟ್ಟಿ ಬೇಕಾದರೆ, ತಪ್ಪುಗಳು ಸೊನ್ನೆಯ ಸುತ್ತ ಗಂಟೆಯಾಕಾರದ ನಾರ್ಮಲ್ ಹಂಚಿಕೆಯಂತೆ ಹರಡಿವೆ ಅಂದುಕೊಂಡು, 10ನ್ನು 1.28ರಿಂದ ಗುಣಿಸಬೇಕು. ಒಂದು ತಿಂಗಳ ಮುಂದಕ್ಕೆ 240ರ ಆಚೀಚೆ 12.8 ಚೀಲ. ಇನ್ನೂ ಮುಂದೆ ಹೋದಂತೆ ಪ್ರತಿ ತಿಂಗಳ ಏರಿಳಿತ ಹಿಂದಿನದರ ಮೇಲೆ ಸೇರುತ್ತಾ ಹೋಗುತ್ತದೆ. ಈ ಏರಿಳಿತಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಅಗಲವು ತಿಂಗಳ ಸಂಖ್ಯೆಯ ವರ್ಗಮೂಲದಷ್ಟು ಬೆಳೆಯುತ್ತದೆ. ನಾಲ್ಕನೇ ತಿಂಗಳಿಗೆ 25.6, ಒಂಬತ್ತನೆಯದಕ್ಕೆ 38.4. ಅಂದರೆ ಒಂಬತ್ತು ತಿಂಗಳ ನಂತರದ ಬಗ್ಗೆ ನಮಗೆ ಹೇಳಲಿಕ್ಕೆ ಆಗುವುದು "ಸುಮಾರು 202ರಿಂದ 278" ಅಂತ ಮಾತ್ರ. 240 ಅಂತ ಒಂದೇ ಮಾತಲ್ಲಿ ಹೇಳಿಬಿಡುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

```python
import numpy as np, matplotlib.pyplot as plt
h = np.arange(0, 10)
f = np.full(10, 240)
w = 1.28 * 10 * np.sqrt(h)
plt.plot(h, f, "--")
plt.fill_between(h, f - w, f + w, alpha=0.25, linewidth=0)
plt.show()
```

`h` ಸೊನ್ನೆಯಿಂದ ಶುರುವಾಗಿರುವುದು ಸುಮ್ನೆ ಅಲ್ಲ. ಈ ತಿಂಗಳ ಮಾರಾಟ ಗೊತ್ತಿರುವುದರಿಂದ ಅಲ್ಲಿ ಪಟ್ಟಿಯ ಅಗಲ ಸೊನ್ನೆ, ಅಲ್ಲಿಂದಾಚೆ ಅದು ಅರಳುತ್ತದೆ. ಹಳೆಯ ಮಾರಾಟದ ಗೆರೆಯನ್ನು ಗಟ್ಟಿಯಾಗಿ ಎಳೆದು, ಅಂದಾಜನ್ನು ತುಂಡು ಗೆರೆಯಲ್ಲೇ ಬಿಡಿ. `linewidth=0` ಕೊಟ್ಟರೆ ಪಟ್ಟಿಗೆ ಅಂಚಿನ ಗೆರೆ ಬರುವುದಿಲ್ಲ. ಅಂಚು ಎದ್ದು ಕಂಡರೆ ಓದುವವರು ಅದನ್ನು ದಾಟಲಾಗದ ಗೋಡೆ ಅಂದುಕೊಳ್ಳುತ್ತಾರೆ. ಹತ್ತರಲ್ಲಿ ಎರಡು ಸಲ ಆಚೆ ಹೋಗುವುದು ನಮ್ಮ ಲೆಕ್ಕದಲ್ಲೇ ಇದೆಯಲ್ಲ!

ಇದಕ್ಕೂ ಒಳ್ಳೆಯ ದಾರಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ವರದಿಯಲ್ಲಿದೆ. ಅಲ್ಲಿನ ಬೆಲೆಯೇರಿಕೆಯ ಫ್ಯಾನ್ ಚಾರ್ಟಿನಲ್ಲಿ ಶೇ 50, 70 ಮತ್ತು 90ರ ಮೂರು ಪಟ್ಟಿಗಳು ಒಂದರೊಳಗೊಂದು ಇರುತ್ತವೆ. ಯಾವ ನೆರಳು ಎಷ್ಟು ಸಾಧ್ಯತೆ ಎಂದು ಚಾರ್ಟಿನ ಕೆಳಗೇ ಬರೆದಿರುತ್ತಾರೆ. ಆ ಸಾಲು ಇಲ್ಲದ ನೆರಳು ನನ್ನ ಪ್ರಕಾರ ಬರೀ ಅಲಂಕಾರ.

ಹೊಸಬರು ಜಾಸ್ತಿ ಎಡವುವ ಜಾಗ ಒಂದಿದೆ. ಪೈಥಾನ್‌ನ ಸೀಬಾರ್ನ್ ಲೈಬ್ರರಿಯ `regplot` ತಾನಾಗಿಯೇ ಗೆರೆಯ ಸುತ್ತ ನೆರಳು ಹಾಕಿಕೊಡುತ್ತದೆ. ಆದರೆ ಸರಾಸರಿ ಗೆರೆ ಎಲ್ಲಿರಬಹುದು ಅನ್ನುವುದರ ಬಗ್ಗೆ ಇರುವ ಅನುಮಾನ ಮಾತ್ರ ಅದು. ಮುಂದಿನ ತಿಂಗಳ ಮಾರಾಟ ಎಷ್ಟಾಗಬಹುದು ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಡೇಟಾ ಹೆಚ್ಚಿದಷ್ಟೂ ಆ ನೆರಳು ತೆಳ್ಳಗಾಗುತ್ತದೆ, ತಿಂಗಳಿಂದ ತಿಂಗಳಿಗೆ ಆಗುವ ಏರಿಳಿತ ಮಾತ್ರ ಇದ್ದ ಹಾಗೇ ಇರುತ್ತದೆ. ಗುರುತು ಹಿಡಿಯುವುದು ಸುಲಭ: ಹಳೆಯ ಚುಕ್ಕಿಗಳಲ್ಲಿ ಅರ್ಧಕ್ಕರ್ಧ ನೆರಳಿನ ಹೊರಗೇ ಬಿದ್ದಿದ್ದರೆ ಅದು ಅಂದಾಜಿನ ಪಟ್ಟಿ ಅಲ್ಲ.

ನಿಮ್ಮದೇ ಪಟ್ಟಿಯನ್ನೂ ಪರೀಕ್ಷಿಸಿ. ಹಳೆಯ ಮಾರಾಟದಲ್ಲಿ ಕೊನೆಯ 20 ತಿಂಗಳನ್ನು ಲೆಕ್ಕದಿಂದ ಹೊರಗಿಟ್ಟು, ಅವಕ್ಕೆ ಒಂದೊಂದಾಗಿ ಅಂದಾಜು ಮಾಡಿ. ಶೇ 80ರ ಪಟ್ಟಿಯೊಳಗೆ ಸುಮಾರು 16 ಬೀಳಬೇಕು. 15 ಅಥವಾ 17 ಬಿದ್ದರೆ ಚಿಂತೆಯಿಲ್ಲ. ಬರೀ 10 ಬಿದ್ದರೆ ಪಟ್ಟಿ ಕಿರಿದಾಯಿತು. ಇಪ್ಪತ್ತಕ್ಕೆ ಇಪ್ಪತ್ತೂ ಒಳಗೇ ಇದ್ದರೆ ಅನಗತ್ಯವಾಗಿ ಅಗಲ ಮಾಡಿದ್ದೀರಿ.

ಈ ಪರೀಕ್ಷೆ ಪಾಸಾದರೂ ಒಂದು ಮಿತಿ ಉಳಿಯುತ್ತದೆ. ಎದುರಿಗೆ ಇನ್ನೊಂದು ಅಕ್ಕಿ ಅಂಗಡಿ ತೆರೆದರೆ ಹಳೆಯ ತಪ್ಪುಗಳಿಗೆ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ "ಹಳೆಯ ಏರಿಳಿತವೇ ಮುಂದುವರಿದರೆ, ಹತ್ತರಲ್ಲಿ ಎಂಟು ಸಲ ಈ ಪಟ್ಟಿಯೊಳಗೆ" ಎಂದು ಚಾರ್ಟಿನ ಮೇಲೇ ಬರೆಯಿರಿ. ಎದುರಿನ ಅಂಗಡಿ ತೆರೆದ ತಿಂಗಳಿಂದ ತಪ್ಪುಗಳನ್ನು ಹೊಸದಾಗಿ ಕೂಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಪಟ್ಟಿಯನ್ನು ಕೈಯಾರೆ ಅಗಲ ಮಾಡಿ, ಹಾಗೆ ಮಾಡಿದ್ದನ್ನೂ ಪಕ್ಕದಲ್ಲಿ ಬರೆಯಿರಿ.